ಡಬ್ಬಿ ಊಟದ ದರ ಏರಿಸುವಾಗ

ಗೋಪಾಳದ ಸೋದರಿಯವರೇ,

ಊಟಕ್ಕೆ 70 ರೂಪಾಯಿ ಇದ್ದದ್ದನ್ನು 80 ಮಾಡಬೇಕು, ವಾಟ್ಸಾಪ್ ಗ್ರೂಪಿನಲ್ಲಿ ಹೇಳಲು ಬಾಯಿ ಬರುತ್ತಿಲ್ಲ ಎಂದು ಬರೆದಿದ್ದೀರಿ. ಅನ್ನ ಬಡಿಸುವ ಕೈಗೆ ಹಣ ಕೇಳುವುದು ಸುಲಭವಲ್ಲ, ನಿಜ. ಆದರೆ ಗಿರಾಕಿಗಳಿಗೆ ಬೇಸರವಾಗುವುದು ಹತ್ತು ರೂಪಾಯಿಗಿಂತ ಹೆಚ್ಚಾಗಿ, ತಿಂಗಳ ಲೆಕ್ಕ ಕೊಡುವಾಗ ಅದು ಗೊತ್ತಾದರೆ. ಹಾಗಾಗಿ 15ನೇ ತಾರೀಖಿಗೇ ತಿಳಿಸಿ. ತಿಂಗಳ ಮೊತ್ತವನ್ನೂ ಬರೆಯಿರಿ. ಮನೆಯಿಂದ ದುಡ್ಡು ತರಿಸಿಕೊಳ್ಳುವ ಹುಡುಗರು ನೋಡುವುದು ಅದನ್ನೇ. ಹೀಗೆ ಹಾಕಬಹುದು:

“ಎಲ್ಲರಿಗೂ ನಮಸ್ಕಾರ. ಗ್ಯಾಸ್, ಎಣ್ಣೆ, ತರಕಾರಿಯ ಖರ್ಚು ಹೆಚ್ಚಿರುವುದರಿಂದ ಬರುವ 1ನೇ ತಾರೀಖಿನಿಂದ ಊಟಕ್ಕೆ 80 ರೂಪಾಯಿ. 26 ಊಟಕ್ಕೆ 1,820 ಇದ್ದದ್ದು 2,080 ಆಗುತ್ತದೆ. ಚಪಾತಿ, ಪಲ್ಯ, ಅನ್ನ, ಸಾರು ಈಗಿನಷ್ಟೇ ಇರುತ್ತದೆ. ಮುಂಗಡ ಕೊಟ್ಟವರಿಗೆ ಅದು ಮುಗಿಯುವವರೆಗೆ ಹಳೆಯ ದರ. ಕೇಳುವುದಿದ್ದರೆ ನನಗೆ ಫೋನ್ ಮಾಡಿ.”

“ಸ್ವಲ್ಪ ಜಾಸ್ತಿ ಮಾಡ್ತಿದೀನಿ” ಎಂದಷ್ಟೇ ಬರೆದರೆ ಎಷ್ಟು, ಯಾವಾಗಿನಿಂದ ಎಂಬ ಪ್ರಶ್ನೆಗಳೇ ಸಾಲಾಗಿ ಬರುತ್ತವೆ. ಯಾರಾದರೂ ಗ್ರೂಪಿನಲ್ಲೇ ಚೌಕಾಸಿಗೆ ಇಳಿದರೆ ಅಲ್ಲಿ ವಾದ ಬೇಡ, ಅವರಿಗೆ ನೀವೇ ಫೋನ್ ಮಾಡಿ. ಒಬ್ಬರಿಗೆ ಗುಟ್ಟಾಗಿ 70 ಒಪ್ಪಿಕೊಂಡರೆ ಪಕ್ಕದ ರೂಮಿಗೆ ಸಂಜೆಯೊಳಗೆ ತಿಳಿಯುತ್ತದೆ. ಕೈ ಬಿಗಿ ಇರುವವರಿಗಾಗಿ ಚಪಾತಿ ಇಲ್ಲದ 70ರ ಊಟವನ್ನೂ ಇಡಿ, ಆದರೆ ಅದನ್ನು ಎಲ್ಲರಿಗೂ ಹೇಳಿಯೇ ಇಡಿ.