ಬಿಳಿಚಿದ ಮುಖ, ಬರಿದಾದ ಆಕಾಶ: ಹಳೆಯ ಪ್ರಿಂಟಿನಲ್ಲಿ ಉಳಿದಿರುವುದನ್ನು ಹೊರತೆಗೆಯುವ ಬಗೆ

ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿ ಸುತ್ತಿನ ಮನೆಗಳಲ್ಲಿ ದೊರೆಯುವ ಹಳೆಯ ಕಪ್ಪುಬಿಳುಪು ಭಾವಚಿತ್ರಗಳ ಪೈಕಿ ಬಿಸಿಲಿನ ಅಂಗಳದಲ್ಲಿ ತೆಗೆದವುಗಳಲ್ಲಿ ಒಂದು ದೋಷ ಮತ್ತೆಮತ್ತೆ ಕಾಣುತ್ತದೆ. ಕಪ್ಪು ಕೋಟಿನ ಗುಂಡಿ, ಹಿಂದಿನ ಅಡಿಕೆ ಮರದ ಕಾಂಡ ಎಲ್ಲ ಸ್ಪಷ್ಟವಾಗಿದ್ದರೂ ಮುಖ ಮತ್ತು ಆಕಾಶ ಮಾತ್ರ ಬರಿಯ ಬಿಳುಪಾಗಿ ಉಳಿದಿರುತ್ತವೆ. ಇದಕ್ಕೆ ಕಾರಣ ಸರಳವಾದ ಲೆಕ್ಕದಲ್ಲಿದೆ. 100 ವೇಗದ ಫಿಲ್ಮಿಗೆ ಪ್ರಖರ ಬಿಸಿಲಿನಲ್ಲಿ f/16 ರಂಧ್ರ ಮತ್ತು ಸೆಕೆಂಡಿನ 125ನೇ ಒಂದು ಭಾಗದ ಅವಧಿ ಸಾಕಾಗುತ್ತದೆ. ರಂಧ್ರ f/11ಕ್ಕೂ ಅವಧಿ 30ನೇ ಒಂದು ಭಾಗಕ್ಕೂ ಕಟ್ಟುಬಿದ್ದ ಪೆಟ್ಟಿಗೆ ಕ್ಯಾಮೆರಾದಲ್ಲಿ ಅದೇ ಫಿಲ್ಮಿನ ಮೇಲೆ ಸುಮಾರು ಎಂಟು ಪಟ್ಟು ಬೆಳಕು ಬೀಳುತ್ತದೆ.

ಕಪ್ಪುಬಿಳುಪು ನೆಗೆಟಿವ್ ಇಷ್ಟು ಹೆಚ್ಚಿನ ಬೆಳಕನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಬೆಳಕು ಹೆಚ್ಚು ಬಿದ್ದ ಭಾಗದಲ್ಲಿ ಬೆಳ್ಳಿಯ ಕಣಗಳು ದಟ್ಟವಾಗಿ ಸೇರಿ ಅದು ಕಪ್ಪಾಗುತ್ತದೆಯಾದರೂ ಆ ಕಪ್ಪಿನೊಳಗೆ ಹಣೆ, ಕೆನ್ನೆಗಳ ಭೇದ ಉಳಿದಿರುತ್ತದೆ. ಸ್ಟುಡಿಯೋದವರು ಕೋಟಿನ ವಿವರಕ್ಕೆ ತಕ್ಕಂತೆ ಪ್ರಿಂಟ್ ಹಾಕಿದಾಗ ಆ ದಟ್ಟ ಭಾಗವನ್ನು ದಾಟಿ ಕಾಗದಕ್ಕೆ ತಲುಪುವ ಬೆಳಕು ಸಾಲದೆ ಮುಖ ಬಿಳಿಯಾಗುತ್ತದೆ. ಆದ್ದರಿಂದ ಪ್ರಿಂಟನ್ನು ತಿದ್ದಲು ತೊಡಗುವ ಮೊದಲು ನೆಗೆಟಿವನ್ನು ಹುಡುಕುವುದೇ ಜಾಣತನ. ಅದು ದೊರೆತರೆ ಕಿಟಕಿಯ ಬೆಳಕಿಗೆ ಹಿಡಿದು ಭೂತಗಾಜಿನಲ್ಲಿ ನೋಡಬೇಕು. ಮುಖದ ಕಪ್ಪಿನಲ್ಲಿ ಏರಿಳಿತ ಕಂಡರೆ, ಬೆಳಕಿನ ಹಲಗೆಯ ಮೇಲಿಟ್ಟು ಮುಖಕ್ಕಾಗಿ ದೀರ್ಘ ಅವಧಿಯ, ಕೋಟಿಗಾಗಿ ಅಲ್ಪ ಅವಧಿಯ ಪ್ರತಿಗಳನ್ನು ಕ್ಯಾಮೆರಾದಲ್ಲಿ ತೆಗೆದು ಸೇರಿಸುವುದರಿಂದ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯುತ್ತದೆ.

ನೆಗೆಟಿವ್ ಉಳಿಯದಿರುವುದೇ ಹೆಚ್ಚು. ಆಗ ಕೇಳಬೇಕಾದ ಪ್ರಶ್ನೆ, ಮುಖದ ಬಿಳುಪು ಕಾಗದದ ಸ್ವಂತ ಬಿಳುಪೇ ಅಥವಾ ಅದರಲ್ಲಿ ಅತಿ ತೆಳುವಾದ ಬೆಳ್ಳಿ ಉಳಿದಿದೆಯೇ ಎಂಬುದು. ಬೆಳಕು ತಾಗದ ಅಂಚಿನ ಪಟ್ಟಿ ಇದಕ್ಕೆ ಅಳತೆಗೋಲು. ಪ್ರಿಂಟನ್ನು ಬಣ್ಣದ ವಿಧಾನದಲ್ಲಿಯೇ, ಪ್ರತಿ ಬಣ್ಣಕ್ಕೆ 16 ಬಿಟ್‌ನಂತೆ, ಸ್ಕ್ಯಾನರಿನ ಸ್ವಯಂಚಾಲಿತ ತಿದ್ದುಪಡಿಗಳನ್ನೆಲ್ಲ ನಿಲ್ಲಿಸಿ ಸ್ಕ್ಯಾನ್ ಮಾಡಿ, ಕೆಂಪು, ಹಸಿರು, ನೀಲಿ ಪದರಗಳನ್ನು ಬೇರ್ಪಡಿಸಿ ನೋಡಬೇಕು. ಕಪ್ಪುಬಿಳುಪು ಚಿತ್ರಕ್ಕೆ ಬಣ್ಣದ ಸ್ಕ್ಯಾನ್ ಏಕೆಂದರೆ, ಮಲೆನಾಡಿನ ತೇವದಲ್ಲಿ ವರ್ಷಗಟ್ಟಲೆ ಇದ್ದ ಪ್ರಿಂಟಿನ ತೆಳುಬೆಳ್ಳಿ ರಾಸಾಯನಿಕವಾಗಿ ಕೆಟ್ಟು ಹಳದಿ ಛಾಯೆಗೆ ತಿರುಗಿರುತ್ತದೆ, ಮತ್ತು ಹಳದಿ ನೀಲಿ ಬೆಳಕನ್ನು ಹೀರುವುದರಿಂದ ಕಣ್ಣಿಗೆ ಕಾಣದ ವಿವರ ನೀಲಿ ಪದರದಲ್ಲಿ ಕಾಣತೊಡಗುತ್ತದೆ. ಕಪ್ಪು ಕೋಟಿನ ಹಿರಿಯರೊಬ್ಬರ ಇಂತಹ ಒಂದು ಚಿತ್ರದಲ್ಲಿ, 0ಯಿಂದ 255ರ ಅಳತೆಯಲ್ಲಿ, ಕೆಂಪು ಪದರದ ಅಂಚು 240, ಹಣೆ 238, ಕೆನ್ನೆ 236 ಇದ್ದವು. ನೀಲಿ ಪದರದಲ್ಲಿ ಅವೇ ಭಾಗಗಳು 224, 213, 205 ಎಂದು ಬಂದವು. ಆಕಾಶ ಮಾತ್ರ ಎರಡರಲ್ಲಿಯೂ ಅಂಚಿಗೆ ಸರಿಸಮವಾಗಿತ್ತು, ಅಂದರೆ ಅಲ್ಲಿ ಉಳಿದದ್ದು ಕಾಗದ ಮಾತ್ರ. ಹಳದಿಯೆಲ್ಲ ಚಿತ್ರವೇ ಎಂದು ನಂಬುವಂತೆಯೂ ಇಲ್ಲ. ಛಾಯೆ ದವಡೆಯ ಗೆರೆಯನ್ನು ಅನುಸರಿಸಿದರೆ ಅದು ಚಿತ್ರ, ಗೆರೆಯನ್ನು ಲೆಕ್ಕಿಸದೆ ಹಿನ್ನೆಲೆಗೂ ಹರಡಿದರೆ ತೇವದ ಕಲೆ.

ಮುಂದಿನ ಕೆಲಸ ನೀಲಿ ಪದರವನ್ನು ಮುಖದ ಮೇಲೆ ಮಾತ್ರ ಬಳಸಿ, GIMPನ Curves ಸಾಧನದಿಂದ 205ರಿಂದ 224ರವರೆಗಿನ ಇಕ್ಕಟ್ಟಾದ 19 ಹಂತಗಳನ್ನು ಸುಮಾರು 165ರಿಂದ 235ರವರೆಗೆ ಹಿಗ್ಗಿಸುವುದು. ಪದರದ ನಕಲನ್ನು Multiply ವಿಧಾನದಲ್ಲಿ ಹೇರುವ ಚಾಲ್ತಿಯ ಉಪಾಯವೂ ಉಂಟು, ಆದರೆ ಪೂರ್ಣ ಬಿಳುಪನ್ನು ಪೂರ್ಣ ಬಿಳುಪಿನಿಂದ ಗುಣಿಸಿದರೆ ಬಿಳುಪೇ ಬರುವುದರಿಂದ ಬರಿದಾದೆಡೆ ಅದು ನಿಷ್ಪ್ರಯೋಜಕ. ಹಿಗ್ಗಿಸುವಿಕೆ ಸುಮಾರು ನಾಲ್ಕು ಪಟ್ಟಿನಷ್ಟಾಗುವುದರಿಂದ ದೂಳು, ಗೀರು, ಕಾಗದದ ಮೇಲ್ಮೈಯ ತರಿ ಎಲ್ಲವೂ ಅಷ್ಟೇ ಎದ್ದು ಬಂದು ಕೆನ್ನೆ ಮರಳುಗಾಗದದಂತೆ ಕಾಣತೊಡಗುತ್ತದೆ. ತರಿಯ ನೆರಳು ಸ್ಕ್ಯಾನರಿನ ದೀಪದ ದಿಕ್ಕಿಗೆ ತಕ್ಕಂತೆ ಬೀಳುತ್ತದೆಯಾದ್ದರಿಂದ, ಪ್ರಿಂಟನ್ನು 180 ಡಿಗ್ರಿ ತಿರುಗಿಸಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಎರಡನ್ನೂ ಹೊಂದಿಸಿ ಸರಾಸರಿ ತೆಗೆದರೆ ಆ ನೆರಳು ಬಹಳಷ್ಟು ಅಳಿಯುತ್ತದೆ. ಪ್ರಿಂಟು ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯದೆ ಗಾಜಿನ ಮೂಲಕವೇ ಸ್ಕ್ಯಾನ್ ಮಾಡಬೇಕು, ಏಕೆಂದರೆ ಎಳೆದಾಗ ಮೊದಲು ಕಿತ್ತುಬರುವುದು ಚಿತ್ರವನ್ನು ಹೊತ್ತ ಜೆಲಾಟಿನ್ ಪೊರೆ.

ಆಕಾಶದಲ್ಲಿ ಏನೂ ಉಳಿದಿಲ್ಲವೆಂದು ಅಂಚು ಹೇಳಿದ ಮೇಲೆ ಅಲ್ಲಿ ಮೋಡಗಳನ್ನು ತಂದು ಕೂರಿಸುವುದು ಚಿತ್ರೋದ್ಧಾರವಲ್ಲ, ಅಲಂಕಾರ. ಶೇಕಡಾ ಐದಾರರಷ್ಟು ಬೂದು, ಮೇಲಕ್ಕೆ ಹೋದಂತೆ ಒಂದಿಷ್ಟೇ ಗಾಢವಾಗುವಂತೆ ಹಚ್ಚಿದರೆ ಚಿತ್ರಕ್ಕೆ ಎಲ್ಲೆ ದೊರೆಯುತ್ತದೆ. ಅದನ್ನು ಕುಂಚದಿಂದ ಬಳಿಯಹೋದರೆ ಅಡಿಕೆ ಸೋಗೆಯ ಸೀಳುಗಳ ಸುತ್ತ ಬಿಳಿ ಅಂಚು ಉಳಿಯುವುದರಿಂದ, ಬೆಳಕಿನ ಮಟ್ಟದ ಆಧಾರದಲ್ಲಿಯೇ ಮುಸುಕು ಆಯ್ದುಕೊಳ್ಳುವುದು ಲೇಸು. ಮುಖದಲ್ಲಿ ಹುಬ್ಬು, ಮೂಗಿನ ಹೊಳ್ಳೆ, ತುಟಿಗಳ ನಡುವಿನ ಗೆರೆ ಮೊದಲೇ ಗಾಢವಾಗಿರುವುದರಿಂದ ಸಾಮಾನ್ಯವಾಗಿ ಉಳಿದಿರುತ್ತವೆ. ಹಣೆಯ ನಡುಭಾಗ ಅಂಚಿನಷ್ಟೇ ಬಿಳುಪಾಗಿದ್ದರೆ ಅದಕ್ಕೆ ಅಕ್ಕಪಕ್ಕದ ಛಾಯೆಗಿಂತ ತುಸು ತಿಳಿಯಾದ ಸಮಛಾಯೆ ಕೊಟ್ಟು ಬಿಡಬೇಕು. ಮನೆಯವರು ಅದೇ ವ್ಯಕ್ತಿಯ ಬೇರೆ ಫೋಟೋ ತಂದು ಸುಕ್ಕುಗಳನ್ನು ಸೇರಿಸಲು ಕೇಳಿದರೆ ನಿರಾಕರಿಸಬೇಕಾಗಿಲ್ಲ. ತಿದ್ದದ ಸ್ಕ್ಯಾನ್, ಛಾಯೆ ಹಿಗ್ಗಿಸಿದ ಪ್ರತಿ, ಬರೆದು ಸೇರಿಸಿದ ಪ್ರತಿ ಮೂರನ್ನೂ ಬೇರೆಬೇರೆ ಹೆಸರಿನಲ್ಲಿ ಉಳಿಸಿ, ಮೂರನೆಯದರ ಬೆನ್ನಿಗೆ ಯಾವ ಭಾಗ ಕೈಯಿಂದ ಬರೆದದ್ದೆಂದು ನಮೂದಿಸಿ ಕೊಡಬಹುದು.