ಷೇರು ಏರಿದ ಮೇಲೆ ಕವರ್ಡ್ ಕಾಲ್ ರೋಲ್ ಮಾಡಬೇಕೆ?

ಪ್ರಶ್ನೆ: ಒಂದು ಕಂಪನಿಯ 500 ಷೇರುಗಳನ್ನು ತಲಾ 700 ರೂಪಾಯಿಗೆ ಕೊಂಡು ಹನ್ನೊಂದೂವರೆ ತಿಂಗಳಾಗಿದೆ. ಅವುಗಳ ಮೇಲೆ 1,000 ಸ್ಟ್ರೈಕ್‌ನ ಒಂದು ಲಾಟ್ ಕಾಲ್ ಮಾರಿ, ಷೇರಿಗೆ 20 ರೂಪಾಯಿ ಪ್ರೀಮಿಯಂ ಪಡೆದಿದ್ದೆ. ಈಗ ಷೇರು 1,080ಕ್ಕೆ ಏರಿದೆ, ಎಕ್ಸ್‌ಪೈರಿಗೆ 8 ದಿನ ಇದೆ. ಆ ಕಾಲ್‌ನ ಬೆಲೆ 84 ಆಗಿದೆ. ಮುಂದಿನ ತಿಂಗಳ 1,100 ಕಾಲ್ 38ಕ್ಕೆ ಹೋಗುತ್ತಿದೆ. ರೋಲ್ ಮಾಡಲೇ?
— ಒಬ್ಬ ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲಿಗೆ, ಅವಸರ ಬೇಡ. ನಮ್ಮ ಎನ್‌ಎಸ್‌ಇಯಲ್ಲಿ ಷೇರು ಆಪ್ಷನ್‌ಗಳು ಯುರೋಪಿಯನ್ ಮಾದರಿಯವು. ಎಕ್ಸ್‌ಪೈರಿಗೆ ಮುಂಚೆ ಯಾರೂ ನಿಮ್ಮ ಷೇರು ಕೇಳುವಂತಿಲ್ಲ. ಆದರೆ ಆ ದಿನ ಷೇರು 1,000ಕ್ಕಿಂತ ಮೇಲಿದ್ದರೆ 500 ಷೇರುಗಳನ್ನು ನಿಜವಾಗಿ ಕೊಡಲೇಬೇಕು.

ಕೊಟ್ಟರೆ ಪ್ರೀಮಿಯಂ ಸೇರಿ ಷೇರಿಗೆ 1,020 ಕೈಗೆ ಬರುತ್ತದೆ. ರೋಲ್ ಮಾಡಿದರೆ ಈಗ 84 ಕೊಟ್ಟು 38 ಪಡೆಯುತ್ತೀರಿ. ಕೈಯಿಂದ ಹೋಗುವುದು 46, ಒಟ್ಟು 23,000 ರೂಪಾಯಿ. ಷೇರು 1,100 ದಾಟಿದರೂ ನಿಮಗೆ ಸಿಗುವುದು 1,074. ಅಂದರೆ ಗರಿಷ್ಠ ಲಾಭ ಷೇರಿಗೆ 54 ಹೆಚ್ಚು, ಅದಕ್ಕಿಂತ ಮೇಲಿನ ಏರಿಕೆ ನಿಮ್ಮದಲ್ಲ. ಷೇರು 1,046ಕ್ಕಿಂತ ಕೆಳಗಿಳಿದರೆ ಈಗಲೇ ಕೊಟ್ಟಿದ್ದರೆ ಚೆನ್ನಾಗಿತ್ತು ಎನ್ನುವ ಸ್ಥಿತಿ. 1,080ರಿಂದ 34 ರೂಪಾಯಿ ಇಳಿದರೆ ಸಾಕು, ಲಾಭ ಕರಗುತ್ತದೆ. ದೊಡ್ಡ ಏರಿಕೆಯ ನಂತರ ಅಷ್ಟು ಇಳಿಕೆ ಅಪರೂಪವಲ್ಲ. ಇಷ್ಟೇ ಲೆಕ್ಕವಾಗಿದ್ದರೆ ಬೇಡ ಎನ್ನುತ್ತಿದ್ದೆ.

ನಿಮ್ಮ ಲೆಕ್ಕ ಬದಲಾಗುವುದು ತೆರಿಗೆಯಲ್ಲಿ. ಈ ತಿಂಗಳು ಕೊಟ್ಟರೆ 12 ತಿಂಗಳು ತುಂಬಿರುವುದಿಲ್ಲ. ಸ್ಟ್ರೈಕ್ ದರವನ್ನೇ ಮಾರಾಟ ದರವೆಂದು ಹಿಡಿದರೆ 1,50,000 ರೂಪಾಯಿ ಅಲ್ಪಾವಧಿ ಲಾಭ. ಅದಕ್ಕೆ ಶೇ 20 ತೆರಿಗೆ, ಸೆಸ್ ಸೇರಿ 31,200. ಮುಂದಿನ ತಿಂಗಳು 1,100ಕ್ಕೆ ಕೊಟ್ಟರೆ ಲಾಭ 2,00,000, ಆದರೆ ದೀರ್ಘಾವಧಿಯದು. ಬೇರೆ ದೀರ್ಘಾವಧಿ ಲಾಭ ಇಲ್ಲದಿದ್ದರೆ 1,25,000ಕ್ಕೆ ತೆರಿಗೆಯಿಲ್ಲ, ಉಳಿದದ್ದಕ್ಕೆ ಶೇ 12.5. ಸೆಸ್ ಸೇರಿ 9,750 ಮಾತ್ರ. ಈ ವ್ಯತ್ಯಾಸ ಸೇರಿಸಿದರೆ ನಿಮ್ಮ ಸಮಬಿಂದು 1,046ರಿಂದ ಸುಮಾರು 990ಕ್ಕೆ ಇಳಿಯುತ್ತದೆ. 34ರ ಬದಲು 90 ರೂಪಾಯಿ ಇಳಿಕೆಯನ್ನು ತಡೆದುಕೊಳ್ಳಬಹುದು.

ಹಳೆಯ ಕಾಲ್‌ನಲ್ಲಿ ಆಗುವ ನಷ್ಟ ಷೇರಿಗೆ 64, ಒಟ್ಟು 32,000. ಇದನ್ನು ಷೇರಿನ ಖರೀದಿ ಬೆಲೆಗೆ ಸೇರಿಸುವಂತಿಲ್ಲ. ಇದು ವ್ಯವಹಾರದ ನಷ್ಟ. ಸಂಬಳದ ಎದುರು ವಜಾ ಆಗುವುದಿಲ್ಲ, ಅದೇ ವರ್ಷದ ಬಂಡವಾಳ ಲಾಭದ ಎದುರು ಆಗುತ್ತದೆ. ಐಟಿಆರ್-3ರಲ್ಲಿ ತೋರಿಸಬೇಕು. ಕೊನೆಯ ದಿನಾಂಕದೊಳಗೆ ಸಲ್ಲಿಸಿದರೆ ಮಾತ್ರ ಉಳಿದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು.

ಆದ್ದರಿಂದ ಈ ಒಂದು ಸಲ ರೋಲ್ ಮಾಡಿ. ಮೊದಲು ಹಳೆಯ ಕಾಲ್ ಕೊಳ್ಳಿ, ನಂತರ ಹೊಸದನ್ನು ಮಾರಿ. ಮುಂದಿನ ತಿಂಗಳ ಆಪ್ಷನ್‌ಗಳಲ್ಲಿ ವಹಿವಾಟು ತೆಳು, ಎರಡಕ್ಕೂ ಲಿಮಿಟ್ ಆರ್ಡರ್ ಹಾಕಿ. ಒಟ್ಟು ಖರ್ಚು 46ಕ್ಕಿಂತ ಬಹಳ ಮೇಲೆ ಹೋದರೆ ಬಿಟ್ಟುಬಿಡಿ. ಮುಂದಿನ ಎಕ್ಸ್‌ಪೈರಿಗೆ ಷೇರು 1,200 ಆದರೂ ಮತ್ತೆ ದುಡ್ಡು ಕೊಟ್ಟು ರೋಲ್ ಮಾಡಬೇಡಿ, ಆಗ ತೆರಿಗೆಯ ಕಾರಣ ಉಳಿದಿರುವುದಿಲ್ಲ. ಷೇರು ಕೊಟ್ಟು ಹಣ ತೆಗೆದುಕೊಳ್ಳಿ.