ರಕ್ತದಾನ ಶಿಬಿರಕ್ಕೊಂದು ಪಲ್ಲವಿ ಕಟ್ಟುವ ಬಗೆ

ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಘಟಕದವರು ರಕ್ತದಾನ ಶಿಬಿರಕ್ಕೆಂದು ಹಾಡು ಕಟ್ಟಲು ಕುಳಿತರೆಂದರೆ ತ್ಯಾಗ, ಜೀವದಾನ, ಮಹಾದಾನ ಎಂಬ ಪದಗಳು ಕರೆಯದೆಯೇ ಬಂದು ನಿಲ್ಲುವುದರಿಂದ, ಲೇಖನಿಯನ್ನೆತ್ತುವ ಮುನ್ನ ವೈದ್ಯಶಾಸ್ತ್ರದ ಒಂದೇ ಒಂದು ಸಂಗತಿಯನ್ನು ಆರಿಸಿಕೊಳ್ಳುವುದು ಮೊದಲ ಕೆಲಸ. ಸೂಜಿಯ ಭಯವನ್ನು ಯಾವ ಹಾಡೂ ಓಡಿಸಲಾರದು. ಕೊಟ್ಟ ರಕ್ತ ಕಳೆದೇ ಹೋಯಿತೆಂಬ ಅಳುಕನ್ನು ಮಾತ್ರ ಹಾಡು ತಕ್ಕಮಟ್ಟಿಗೆ ನೀಗಬಲ್ಲುದು.

ಅದಕ್ಕೊಪ್ಪುವ ಸಂಗತಿಯೊಂದುಂಟು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ; ನಾವು ದಾನ ಮಾಡಲಿ, ಬಿಡಲಿ, ಮುಪ್ಪಡರಿದ ಕಣಗಳು ಗುಲ್ಮ, ಯಕೃತ್ತುಗಳಲ್ಲಿ ಲಯ ಹೊಂದುತ್ತಲೂ ಅಸ್ಥಿಮಜ್ಜೆಯು ಹೊಸ ಕಣಗಳನ್ನು ಹಡೆಯುತ್ತಲೂ ಇರುತ್ತವೆ. ಇದನ್ನು ಮೊದಲು ಗದ್ಯದಲ್ಲಿ ಒಂದೇ ವಾಕ್ಯವಾಗಿ ಬರೆದಿಟ್ಟುಕೊಂಡು, ಬಳಿಕ ಮನೆಮಾತಿನ ಒಂದು ಚಿತ್ರಕ್ಕೆ ಒಪ್ಪಿಸಬೇಕು. ಕೆಲವು ದಿನವಿದ್ದು ಹೊರಡುವವನು ನೆಂಟನಲ್ಲವೆ?

ಮೂರನೆಯದು ಲಯ. ಗುಂಪಿನಲ್ಲಿ ಚಪ್ಪಾಳೆಯಿಕ್ಕಿ ಹಾಡಲು ನಾಲ್ಕು ಮಾತ್ರೆಯ ಗಣವೇ ಸುಲಭ. ಸಾಲಿಗೆ ನಾಲ್ಕು ಗಣವಿದ್ದು, ಕೊನೆಯದರಲ್ಲಿ ಒಂದು ಮಾತ್ರೆಯನ್ನು ಉಸಿರಿಗೆಂದು ಬಿಟ್ಟರೆ ಹೀಗಾಗುತ್ತದೆ:

ನೂರಿಪ್ಪತ್ತೇ ದಿನಗಳ ನೆಂಟ
ಉಸಿರನು ಹೊತ್ತಿಹ ಕೆಂಪಿನ ಬಂಟ
ಹೋಗೈ ಬಳಲಿದ ಮನೆಗೂ ಒಮ್ಮೆ
ಇಲ್ಲಿಗೆ ತಮ್ಮನು ಬರುವನು ಮತ್ತೆ

ಎರಡನೆಯ ಸಾಲಿನ ‘ಉಸಿರು’ ಅಲಂಕಾರವಲ್ಲ. ಆಮ್ಲಜನಕವನ್ನು ಹೊರುವುದೇ ಆ ಕಣದ ಕಾಯಕ. ಕೊನೆಯ ಸಾಲಿನಲ್ಲಿ ‘ಮತ್ತೆ’ ಎಂಬುದರ ಎಡೆಗೆ ‘ನಾಳೆ’ ಎಂದಿಟ್ಟರೂ ಮಾತ್ರೆ ಕೆಡದು, ಕಿವಿಗೂ ಹಿತವಾದೀತು. ಆದರೆ ಅದು ಸುಳ್ಳು. ರಕ್ತದ ದ್ರವಭಾಗ ಒಂದೆರಡು ದಿನಗಳಲ್ಲಿ ತುಂಬಿಕೊಂಡರೂ ಕೆಂಪು ಕಣಗಳು ಮೊದಲಿನಷ್ಟಾಗಲು ಹಲವು ವಾರಗಳೇ ಬೇಕಾಗುವುದರಿಂದ, ಛಂದಸ್ಸು ಒಪ್ಪಿದ್ದನ್ನು ವೈದ್ಯರೂ ಒಪ್ಪುವರೋ ಎಂದು ಶಿಬಿರಕ್ಕೆ ಬರುವ ರಕ್ತಕೇಂದ್ರದ ವೈದ್ಯಾಧಿಕಾರಿಗೆ ತೋರಿಸಿಯೇ ಮುಂದುವರಿಯತಕ್ಕದ್ದು.

ಆಮೇಲೆ ಪರೀಕ್ಷೆ. ಹಾಡನ್ನು ಮೊದಲ ಬಾರಿಗೆ ಕೇಳಿದ ವಿದ್ಯಾರ್ಥಿಯೊಬ್ಬನನ್ನು ‘ಏನು ತಿಳಿಯಿತಪ್ಪ?’ ಎಂದು ವಿಚಾರಿಸಿ ನೋಡಿರಿ. ‘ರಕ್ತದಾನ ಒಳ್ಳೆಯದು, ಸಾರ್’ ಎಂದನೋ, ಪಲ್ಲವಿ ಸೋತಿತು. ‘ಕೊಡದಿದ್ದರೂ ಆ ಕಣ ಹೋಗುವಂಥದೇ ಅಲ್ಲವೆ, ಸಾರ್?’ ಎಂದರೆ ಗೆದ್ದಿತು. ‘ಹಾಗಾದರೆ ನೂರಿಪ್ಪತ್ತು ದಿನಕ್ಕೊಮ್ಮೆ ಕೊಡಬೇಕೆ?’ ಎಂದು ಕೇಳುವವರೂ ಇರುತ್ತಾರೆ. ಕಣದ ಆಯುಸ್ಸು ಬೇರೆ, ದಾನಗಳ ನಡುವಣ ಅಂತರ ಬೇರೆ: ನಮ್ಮ ದೇಶದ ನಿಯಮದಂತೆ ಪುರುಷರಿಗೆ ಕನಿಷ್ಠ 90 ದಿನ, ಸ್ತ್ರೀಯರಿಗೆ 120. ಇದನ್ನು ಚರಣದಲ್ಲಿ ತುರುಕದೆ, ಹಾಡು ಮುಗಿದೊಡನೆ ಒಬ್ಬರು ಮಾತಿನಲ್ಲಿ ಹೇಳುವುದೇ ಮೇಲು. ವಯಸ್ಸು 18 ತುಂಬಿರಬೇಕು, ತೂಕ 45 ಕಿಲೋಗಿಂತ ಕಡಿಮೆಯಿರಬಾರದು, ಹಿಮೋಗ್ಲೋಬಿನ್ 12.5 ಗ್ರಾಮಾದರೂ ಇರಬೇಕು, ಬರಿಹೊಟ್ಟೆಯಲ್ಲಿ ಬರಬಾರದು ಎಂಬಿವೂ ಅಲ್ಲಿಯೇ ಸಲ್ಲುವ ಮಾತುಗಳು.

ಹಾಡುವ ಜಾಗವನ್ನೂ ಗಮನಿಸಬೇಕು. ಮುನ್ನಾದಿನ ತರಗತಿಗಳ ಮುಂದಿನ ಪಡಸಾಲೆಯಲ್ಲಿ ತಮಟೆಯೊಡನೆ ಹಾಡಬಹುದು. ಶಿಬಿರದ ದಿನ, ದಾನಿಗಳು ಹಣ್ಣಿನ ರಸ ಕುಡಿಯುತ್ತ ವಿಶ್ರಮಿಸುವ ಕಡೆ ತಮಟೆ ಬಿಟ್ಟು ಬರಿಯ ಕಂಠದಲ್ಲಿ ಹಾಡಬೇಕು, ಏಕೆಂದರೆ ತಲೆ ಸುತ್ತುತ್ತಿದೆಯೆಂದು ಯಾರಾದರೂ ಮೆಲುದನಿಯಲ್ಲಿ ಹೇಳಿದರೆ ಅದು ದಾದಿಗೆ ಕೇಳಿಸಬೇಕು.